ಸೀರೆ ಅಂಗಡಿಯ ವಿಡಿಯೊ: ಎಡಿಟರ್‌ಗೆ ಏನು ಬರೆದು ಕಳಿಸಬೇಕು?

ಪ್ರಶ್ನೆ: ಕುದಾಪುರದಲ್ಲಿ ನಮ್ಮದೊಂದು ಚಿಕ್ಕ ಸೀರೆ ಅಂಗಡಿ. ಮೊಳಕಾಲ್ಮೂರಿನ ನೇಕಾರರಿಂದ ರೇಷ್ಮೆ ಸೀರೆ ತಂದು ಮಾರುತ್ತೇವೆ. ವರಮಹಾಲಕ್ಷ್ಮಿ ಹಬ್ಬಕ್ಕೆಂದು ಬೆಂಗಳೂರಿನ ಒಬ್ಬ ಫ್ರೀಲಾನ್ಸ್ ಎಡಿಟರ್ ಕೈಲಿ 30 ಸೆಕೆಂಡಿನ ರೀಲ್ ಮಾಡಿಸಿದೆವು. ಫೋನಿನಲ್ಲಿ ತೆಗೆದದ್ದನ್ನೆಲ್ಲ ವಾಟ್ಸಾಪ್‌ನಲ್ಲಿ ಕಳಿಸಿ, ಮೂರು ಲಿಂಕ್ ಕೊಟ್ಟು, ‘ಟ್ರೆಂಡಿಂಗ್ ಆಗಿರಲಿ, ಗ್ರ್ಯಾಂಡ್ ಆಗಿ ಕಾಣಲಿ, ಆದಷ್ಟು ಬೇಗ ಕೊಡಿ’ ಎಂದು ಹೇಳಿದ್ದೆ. ಬಂದ ವಿಡಿಯೊದಲ್ಲಿ ನಮ್ಮ ನೇರಳೆ ಸೀರೆ ನೀಲಿಯಾಗಿತ್ತು, ಯಾವುದೋ ಊರಿನ ಮಗ್ಗ ಸೇರಿತ್ತು, ಅಂಗಡಿ ಹೆಸರಿನ ಒತ್ತಕ್ಷರ ಒಡೆದುಹೋಗಿತ್ತು. ತಿದ್ದಿಸುತ್ತ ತಿದ್ದಿಸುತ್ತ ಹಬ್ಬವೇ ಮುಗಿಯಿತು. ಮೊದಲೇ ಏನೇನು ಬರೆದು ಕೊಡಬೇಕಿತ್ತು?
— ಒಬ್ಬ ಓದುಗರು, ಕುದಾಪುರ

ಉತ್ತರ: ನಿಮ್ಮ ಎಡಿಟರ್ ಆ ಸೀರೆಯನ್ನು ಕಣ್ಣಾರೆ ನೋಡಿಲ್ಲ, ಕುದಾಪುರಕ್ಕೆ ಬಂದಿಲ್ಲ, ನಿಮ್ಮ ಗಿರಾಕಿ ಯಾರೆಂದು ಅವರಿಗೆ ಗೊತ್ತಿಲ್ಲ. ಅವರ ಮುಂದಿದ್ದದ್ದು ನೀವು ಕಳಿಸಿದ ಕ್ಲಿಪ್‌ಗಳು, ಮೂರು ಲಿಂಕ್ ಮತ್ತು ಮೂರು ಮಾತು ಮಾತ್ರ. ‘ಗ್ರ್ಯಾಂಡ್’ ಎಂದರೆ ಬಣ್ಣ ಏರಿಸಬೇಕೆಂದು ತಿಳಿದರು, ನೇರಳೆ ನೀಲಿಯಾಯಿತು. ನೇಯ್ಗೆಯ ದೃಶ್ಯ ಸಾಲಲಿಲ್ಲ, ಇಂಟರ್‌ನೆಟ್‌ನಲ್ಲಿ ಸಿಗುವ ರೆಡಿಮೇಡ್ ಕ್ಲಿಪ್ ಒಂದನ್ನು ಸೇರಿಸಿದರು. ಕೆಲಸ ಕೊಡುವಾಗ ಬರೆದುಕೊಡುವ ಸೂಚನೆಗೆ ಈ ವೃತ್ತಿಯವರು ಬ್ರೀಫ್ ಅನ್ನುತ್ತಾರೆ. ಎಡಿಟರ್ ಕಾಣಲಾಗದ್ದನ್ನು ಅವರಿಗೆ ತಿಳಿಸುವುದಷ್ಟೇ ಅದರ ಕೆಲಸ. ಒಂದೂವರೆ ಪುಟ ಸಾಕು. ನಿಮ್ಮ ಅಂಗಡಿಯ ಅದೇ 30 ಸೆಕೆಂಡಿನ ರೀಲನ್ನೇ ಇಟ್ಟುಕೊಂಡು ಬರೆಯುತ್ತ ಹೋಗೋಣ.

ಮೊದಲ ಸಾಲಿನಲ್ಲಿ ಬರಬೇಕಾದದ್ದು: ಇದನ್ನು ಯಾರು ನೋಡಬೇಕು, ನೋಡಿದ ಮೇಲೆ ಏನು ಮಾಡಬೇಕು. ಕುದಾಪುರದಲ್ಲಿ ನಿಮಗೆ ಎರಡು ಬಗೆಯ ಗಿರಾಕಿಗಳಿದ್ದಾರೆ. ಒಂದು, ನಾಯಕನಹಟ್ಟಿ, ಚಳ್ಳಕೆರೆ ಕಡೆಯ ಮನೆಯವರು. ಇನ್ನೊಂದು, ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸಿಗೆ ರಾಜ್ಯದ ಮೂಲೆಮೂಲೆಯಿಂದ ತರಬೇತಿಗೆ ಬರುವ ಶಿಕ್ಷಕಿಯರು. ಊರಿನವರಿಗೆ ಅಂಗಡಿ ಎಲ್ಲಿದೆ ಎಂದು ಹೇಳಬೇಕಾಗಿಲ್ಲ, ಹೊಸ ಸರಕು ಬಂದಿದೆ ಎಂದರೆ ಸಾಕು. ತರಬೇತಿಗೆ ಬಂದು ಹೋದ ಶಿಕ್ಷಕಿ ಈಗ ಕಲಬುರಗಿಯಲ್ಲೋ ಮಂಗಳೂರಿನಲ್ಲೋ ಇರುತ್ತಾರೆ, ಅವರು ಫೋನ್ ಮಾಡಿ ತರಿಸಿಕೊಳ್ಳಬೇಕು. ಒಂದೇ ವಿಡಿಯೊ ಇಬ್ಬರನ್ನೂ ಹಿಡಿಯಲು ಹೊರಟರೆ ಕೊನೆಯ ಎಂಟು ಸೆಕೆಂಡಿನಲ್ಲಿ ವಿಳಾಸ, ಕೊರಿಯರ್, ಫೋನ್ ನಂಬರ್, ರಿಯಾಯಿತಿ ಎಲ್ಲ ತುರುಕಬೇಕಾಗುತ್ತದೆ, ಯಾವುದೂ ಓದಲು ಸಿಗುವುದಿಲ್ಲ. ಈ ರೀಲಿಗೆ ಊರಿನ ಗಿರಾಕಿಯನ್ನು ಆರಿಸಿಕೊಳ್ಳೋಣ. ಬ್ರೀಫಿನ ಮೊದಲ ಸಾಲು ಹೀಗಿರಲಿ: ‘ಚಳ್ಳಕೆರೆ, ನಾಯಕನಹಟ್ಟಿ, ಮೊಳಕಾಲ್ಮೂರು ಕಡೆಯ ಹೆಣ್ಣುಮಕ್ಕಳು ನೋಡಿ, ಹಬ್ಬಕ್ಕೆ ಮೂರು ವಾರ ಮೊದಲೇ ಅಂಗಡಿಗೆ ಬರಬೇಕು.’ ಶಿಕ್ಷಕಿಯರಿಗೆ ಕೊನೆಯ ತುಣುಕನ್ನು ಬದಲಿಸಿ ಇನ್ನೊಂದು ಕಾಪಿ ಮಾಡಿಸಬಹುದು. ಆದರೆ ಅದನ್ನೂ ಈಗಲೇ ಬರೆದುಬಿಡಿ. ಆಮೇಲೆ ಕೇಳಿದರೆ ಅದು ಬೇರೆ ಕೆಲಸ, ಅದಕ್ಕೆ ಬೇರೆ ದುಡ್ಡು.

ಇನ್ನು ಸ್ಕ್ರಿಪ್ಟ್. ಕಾಗದವನ್ನು ಉದ್ದಕ್ಕೆ ಎರಡಾಗಿ ಮಡಚಿ. ಎಡಗಡೆ ಕಾಣುವುದು, ಬಲಗಡೆ ಕೇಳುವುದು. ಎಡಗಡೆ ಬರೆದದ್ದಕ್ಕೆಲ್ಲ ನಿಮ್ಮ ಫೋನಿನಲ್ಲಿ ಕ್ಲಿಪ್ ಇರಲೇಬೇಕು. ಇಲ್ಲದಿದ್ದರೆ ಅದನ್ನು ಹೊಡೆದು ಹಾಕಿ, ಇಲ್ಲವೇ ಹೋಗಿ ಶೂಟ್ ಮಾಡಿ. ಬೇರೆ ಊರಿನ ಮಗ್ಗ ನಿಮ್ಮ ವಿಡಿಯೊಗೆ ನುಗ್ಗಿದ್ದು ಈ ಖಾಲಿ ಜಾಗದಿಂದಲೇ. ಬಲಗಡೆಯ ಮಾತು ಹೀಗಿರಬಹುದು:

ಮೊದಲ 4 ಸೆಕೆಂಡ್, ಸೆರಗು ಬಿಚ್ಚಿಕೊಳ್ಳುವಾಗ: ‘ಈ ಸೆರಗಿನಲ್ಲಿ ಎಷ್ಟು ನವಿಲಿವೆ, ಎಣಿಸ್ರಿ ನೋಡೋಣ.’

14ನೇ ಸೆಕೆಂಡಿನವರೆಗೆ, ಮಗ್ಗದ ಮೇಲೆ ಲಾಳಿ ಓಡುವುದು, ಆಮೇಲೆ ಅಂಚು ಹತ್ತಿರದಿಂದ: ‘ಮೊಳಕಾಲ್ಮೂರಿನ ಕೈಮಗ್ಗದಲ್ಲಿ ನೇಯ್ದ ರೇಷ್ಮೆ ಸೀರೆ. ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ. ಎರಡೂ ಕೂಡೋ ಜಾಗ ನೋಡ್ರಿ.’

24ರವರೆಗೆ, ಅಂಗಡಿಯಲ್ಲಿ ಸೀರೆಗಳನ್ನು ಒಂದೊಂದಾಗಿ ಹಾಸುವುದು: ‘ವರಮಹಾಲಕ್ಷ್ಮಿ ಹಬ್ಬಕ್ಕೆ ಹೊಸ ಸೀರೆ ಬಂದವೆ. ಬ್ಲೌಸ್ ಹೊಲಿಸೋಕೆ ಟೈಮ್ ಬೇಕಲ್ಲ, ಈಗಲೇ ಬಂದು ನೋಡ್ರಿ.’

ಉಳಿದ 6 ಸೆಕೆಂಡ್ ಅಂಗಡಿಯ ಹೆಸರು, ಜಾಗ, ಫೋನ್ ನಂಬರ್ ಅಲುಗಾಡದೆ ನಿಂತಿರಬೇಕು. ಮಾತು ‘ಕುದಾಪುರ, ಕ್ಯಾಂಪಸ್ ಹತ್ತಿರ’ ಅಂದರೆ ಮುಗಿಯಿತು.

ಎಲ್ಲ ಸೇರಿ ನಲವತ್ತು ಪದದೊಳಗೆ ಬಂತು. ಕನ್ನಡದ ಪದಗಳು ಉದ್ದ. 30 ಸೆಕೆಂಡಿಗೆ ಐವತ್ತು ದಾಟಿದರೆ ಓದುವವರು ಉಸಿರುಗಟ್ಟಿ ಓಡಬೇಕಾಗುತ್ತದೆ. ಬರೆದ ಮೇಲೆ ಫೋನಿನ ಸ್ಟಾಪ್‌ವಾಚ್ ಹಾಕಿಕೊಂಡು, ಗಿರಾಕಿಗೆ ಹೇಳುವ ವೇಗದಲ್ಲೇ ಗಟ್ಟಿಯಾಗಿ ಓದಿ. 25 ಸೆಕೆಂಡಿಗಿಂತ ಹೆಚ್ಚಾದರೆ ಪದ ಕಡಿಮೆ ಮಾಡಿ, ವೇಗ ಹೆಚ್ಚಿಸಬೇಡಿ.

ಈ ಸ್ಕ್ರಿಪ್ಟಿನಲ್ಲಿ ‘ಕೈಮಗ್ಗ’, ‘ರೇಷ್ಮೆ’, ‘ಮೊಳಕಾಲ್ಮೂರು’ ಎಂಬ ಮೂರು ಮಾತು ಬಂದಿವೆ. ಮೂರಕ್ಕೂ ನೀವೇ ಹೊಣೆ, ಎಡಿಟರ್ ಅಲ್ಲ. ಮೊಳಕಾಲ್ಮೂರು ಸೀರೆಗೆ ಜಿಐ, ಅಂದರೆ ಭೌಗೋಳಿಕ ಸೂಚಕದ ನೋಂದಣಿ ಇದೆ. ಆ ಹೆಸರಿನಲ್ಲಿ ಬೇರೆ ಕಡೆ ನೇಯ್ದದ್ದನ್ನು ಮಾರುವುದು ಕಾನೂನಿಗೆ ವಿರುದ್ಧ. ಅಂಗಡಿಯಲ್ಲಿ ಪವರ್‌ಲೂಮ್ ಸೀರೆಯೂ ಇದ್ದರೆ, ಕೈಮಗ್ಗದ ದೃಶ್ಯ ಓಡುವಾಗ ಅದು ಫ್ರೇಮಿನಲ್ಲಿ ಬರಬಾರದು. ಹಾಗೆ ಬಂದರೆ ಗಿರಾಕಿ ಅದನ್ನೂ ಕೈಮಗ್ಗದ್ದೆಂದೇ ತಿಳಿಯುತ್ತಾರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ದಾರಿ ತಪ್ಪಿಸುವ ಜಾಹೀರಾತು ಆಗಬಹುದು. ಸಿಲ್ಕ್ ಮಾರ್ಕ್, ಹ್ಯಾಂಡ್‌ಲೂಮ್ ಮಾರ್ಕ್ ಚಿಹ್ನೆಗಳನ್ನು ‘ಚೆನ್ನಾಗಿ ಕಾಣುತ್ತದೆ’ ಎಂದು ಎಡಿಟರ್ ಮೂಲೆಯಲ್ಲಿ ಅಂಟಿಸುವುದುಂಟು. ಆ ಗುರುತು ಬಳಸಲು ನಿಮಗೆ ಅಧಿಕಾರವಿದ್ದು, ಸೀರೆಗೂ ಆ ಲೇಬಲ್ ಇದ್ದರೆ ಮಾತ್ರ ಹಾಕಬೇಕು. ಬ್ರೀಫಿನಲ್ಲಿ ಒಂದು ಸಾಲು ಹೀಗೆ ಬರೆಯಿರಿ: ‘ನಾನು ಕಳಿಸದ ಯಾವ ದೃಶ್ಯವನ್ನೂ, ಯಾವ ಚಿಹ್ನೆಯನ್ನೂ ಸೇರಿಸಬೇಡಿ. ಸಾಲದೆ ಬಂದರೆ ಕೇಳಿ, ತೆಗೆದು ಕಳಿಸುತ್ತೇನೆ.’ ಕಾಂಚೀಪುರದ ಮಗ್ಗವೋ ಬನಾರಸದ ಮಗ್ಗವೋ ನಿಮ್ಮ ವಿಡಿಯೊದಲ್ಲಿ ಕಂಡರೆ ಮೊದಲು ಗುರುತು ಹಿಡಿಯುವವರು ಮೊಳಕಾಲ್ಮೂರಿನ ನೇಕಾರರೇ. ಅವರ ಬಾಯಲ್ಲಿ ‘ಇದು ನಮ್ಮ ಮಗ್ಗವಲ್ಲ’ ಎಂಬ ಮಾತು ಬರುವುದು ಬೇಡ.

ಬಣ್ಣದ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು. ಸೀರೆ ವ್ಯಾಪಾರದಲ್ಲಿ ವಿಡಿಯೊ ಹೇಳುವ ದೊಡ್ಡ ಸುಳ್ಳು ಬಣ್ಣದ್ದೇ, ಅದನ್ನು ಎಡಿಟಿಂಗ್ ಟೇಬಲ್ ಮೇಲೆ ಪೂರ್ತಿ ಸರಿಪಡಿಸಲು ಆಗುವುದಿಲ್ಲ. ನಿಮ್ಮ ನೇರಳೆ ನೀಲಿಯಾದದ್ದು ಬಹುಶಃ ಅಂಗಡಿಯಲ್ಲೇ ಶುರುವಾಗಿದೆ. ಮೇಲೆ ಬಿಳಿ ಎಲ್‌ಇಡಿ, ಶೋಕೇಸಿನಲ್ಲಿ ಹಳದಿ ಲೈಟು, ಬಾಗಿಲಿನಿಂದ ಬಿಸಿಲು. ಮೂರೂ ಬೇರೆ ಬೇರೆ ಬಣ್ಣದ ಬೆಳಕು. ಫೋನು ಪ್ರತಿ ಕ್ಷಣ ಬಿಳಿ ಯಾವುದೆಂದು ತಾನೇ ಊಹಿಸುತ್ತದೆ, ಕ್ಯಾಮೆರಾ ತಿರುಗಿಸಿದಂತೆ ಊಹೆ ಬದಲಾಗುತ್ತದೆ. ಒಂದೇ ಸೀರೆ ಒಂದು ಕ್ಲಿಪ್ಪಿನಲ್ಲಿ ನೇರಳೆ, ಇನ್ನೊಂದರಲ್ಲಿ ನೀಲಿ. ಎರಡರಲ್ಲಿ ನಿಜ ಯಾವುದೆಂದು ಬೆಂಗಳೂರಿನಲ್ಲಿ ಕುಳಿತವರಿಗೆ ಹೇಗೆ ಗೊತ್ತಾಗಬೇಕು?

ಆದ್ದರಿಂದ ಅಂಗಡಿಯ ಲೈಟುಗಳನ್ನೆಲ್ಲ ಆರಿಸಿ, ಬಾಗಿಲ ಹತ್ತಿರ ನೇರ ಬಿಸಿಲು ಬೀಳದ ಹಗಲು ಬೆಳಕಿನಲ್ಲಿ ತೆಗೆಯಿರಿ. ಲೈಟು ಆರಿಸಿದರೆ ಎಲ್‌ಇಡಿ ಬೆಳಕಿನಿಂದ ಪರದೆಯ ಮೇಲೆ ಓಡುವ ಕಪ್ಪು ಪಟ್ಟೆಗಳೂ ನಿಲ್ಲುತ್ತವೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ HDR ವಿಡಿಯೊ ಆಫ್ ಮಾಡಿ. ಅದು ಆನ್ ಇದ್ದರೆ ನಿಮ್ಮ ಫೋನಿನಲ್ಲಿ ಮಿಂಚುವ ದೃಶ್ಯ ಎಡಿಟರ್‌ನ ಕಂಪ್ಯೂಟರಿನಲ್ಲಿ ಸರಿಯಾದ ಪರಿವರ್ತನೆ ಇಲ್ಲದೆ ತೆರೆದುಕೊಂಡು ಬಿಳಿಚಿಕೊಳ್ಳಬಹುದು, ಜರಿಯ ಎಳೆಯೆಲ್ಲ ಒಂದೇ ಬಿಳಿ ಮಚ್ಚೆಯಾಗಬಹುದು. ಪರದೆಯ ಮೇಲೆ ಸೀರೆಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಹೆಚ್ಚಿನ ಫೋನುಗಳಲ್ಲಿ ಫೋಕಸ್ಸೂ ಬೆಳಕಿನ ಪ್ರಮಾಣವೂ ಲಾಕ್ ಆಗುತ್ತವೆ, ನಡುವೆ ಹೊಳಪು ಏರಿಳಿಯುವುದಿಲ್ಲ. ಪ್ರತಿ ಸೀರೆ ತೆಗೆಯುವಾಗ ಮೊದಲ ಎರಡು ಸೆಕೆಂಡ್ ಅದರ ಪಕ್ಕ ಒಂದು ಬಿಳಿ ಕಾಗದ ಹಿಡಿಯಿರಿ. ಆ ಎರಡು ಸೆಕೆಂಡ್ ವಿಡಿಯೊದಲ್ಲಿ ಉಳಿಯುವುದಿಲ್ಲ. ಎಡಿಟರ್ ಅದನ್ನು ನೋಡಿ ಕಾಗದ ಬಿಳಿಯಾಗುವಂತೆ ಹೊಂದಿಸುತ್ತಾರೆ, ಸೀರೆ ತಾನಾಗಿ ತನ್ನ ಬಣ್ಣಕ್ಕೆ ಹತ್ತಿರ ಬರುತ್ತದೆ. ಹಾಸಿಗೊಂದು, ಹೊಕ್ಕಿಗೊಂದು ಬಣ್ಣ ಇರುವ ಡಬಲ್ ಶೇಡ್ ಸೀರೆಯಾದರೆ ಬಟ್ಟೆಯನ್ನು ನಿಧಾನವಾಗಿ ಮಡಿಸಿ ತಿರುಗಿಸುತ್ತ ತೆಗೆಯಿರಿ. ಅಲುಗಾಡದೆ ತೆಗೆದರೆ ಎರಡರಲ್ಲಿ ಒಂದೇ ಬಣ್ಣ ಕಾಣುತ್ತದೆ.

ಬ್ರೀಫಿನಲ್ಲಿ ಬಣ್ಣಕ್ಕೆ ಬರೆಯಬೇಕಾದದ್ದು ಇಷ್ಟು: ‘ಸೀರೆಯ ಮೇಲೆ ಫಿಲ್ಟರ್ ಬೇಡ, ಬಣ್ಣ ಏರಿಸಬೇಡಿ. ಬಿಳಿ ಕಾಗದ ನೋಡಿ ಸರಿಹೊಂದಿಸಿ. 3ನೇ ಕ್ಲಿಪ್ಪಿನ ಸೀರೆ ನೇರಳೆ, ಬದನೆಕಾಯಿ ಬಣ್ಣ, ಅಂಚು ಗಿಳಿಹಸಿರು.’ ಹೆಸರು ಹಿಡಿದು ಹೀಗೆ ಬಣ್ಣ ಹೇಳಿದರೆ ಎಡಿಟರ್‌ಗೆ ಅನುಮಾನ ಬಂದಾಗ ನಿಂತು ಕೇಳಲು ಒಂದು ಕಾರಣ ಸಿಗುತ್ತದೆ.

ಧಾಟಿಯನ್ನು ‘ಟ್ರೆಂಡಿಂಗ್’, ‘ಕ್ಲಾಸಿ’, ‘ಟ್ರೆಡಿಷನಲ್’ ಎಂಬ ಮಾತುಗಳಲ್ಲಿ ಹೇಳಿದರೆ ಹತ್ತು ಜನ ಹತ್ತು ಥರ ತಿಳಿಯುತ್ತಾರೆ. ಯಾರು ಯಾರಿಗೆ ಮಾತಾಡುತ್ತಿದ್ದಾರೆ ಎಂದು ಬರೆಯಿರಿ: ‘ಅಂಗಡಿಯ ಅಕ್ಕ, ಗುರುತಿನ ಗಿರಾಕಿಗೆ ಸೀರೆ ಬಿಚ್ಚಿ ತೋರಿಸುತ್ತ ಹೇಳಿದ ಹಾಗೆ. ನಮ್ಮ ಕಡೆಯ ಮಾತು, ಟಿವಿ ಜಾಹೀರಾತಿನ ಗಟ್ಟಿ ದನಿ ಬೇಡ.’ ನಿಮ್ಮ ಅಂಗಡಿಯಲ್ಲಿ ಹಾಗೆ ಮಾತಾಡುವ ಹೆಣ್ಣುಮಗಳಿದ್ದರೆ ಅವರ ದನಿಯನ್ನೇ ರೆಕಾರ್ಡ್ ಮಾಡಿ. ಸೀರೆಗಳ ರಾಶಿ ಸುತ್ತ ಇರುವ ಕೋಣೆಯಲ್ಲಿ ದನಿ ಅಷ್ಟಾಗಿ ಗುಂಯ್‌ಗುಡುವುದಿಲ್ಲ, ಫೋನಿನ ಮೈಕ್ ಒಂದು ಗೇಣು ದೂರದಲ್ಲಿರಲಿ, ಫ್ಯಾನ್ ಆಫ್ ಆಗಿರಲಿ. ಆಮೇಲೆ ವೇಗ. ಈಗಿನ ರೀಲುಗಳಲ್ಲಿ ಅರ್ಧ ಸೆಕೆಂಡಿಗೊಂದು ದೃಶ್ಯ ಹಾರುತ್ತದೆ. ಸೀರೆ ಕೊಳ್ಳುವವರ ಕಣ್ಣು ಮೊದಲು ಅಂಚಿಗೆ ಹೋಗಿ, ಬುಟ್ಟಾಕ್ಕೆ ಬಂದು, ಸೆರಗಿನಲ್ಲಿ ನಿಲ್ಲುತ್ತದೆ. ಅದಕ್ಕೆ ಕಾಲ ಬೇಕು. ‘ಸೀರೆ ಕಾಣುವ ಯಾವ ಶಾಟೂ ಎರಡು ಸೆಕೆಂಡಿಗಿಂತ ಕಡಿಮೆ ಇರಬಾರದು, ಅಂಚಿನ ಶಾಟ್ ಮೂರು ಸೆಕೆಂಡ್’ ಎಂದು ಬರೆದರೆ ಧಾಟಿಯ ಬಹುಪಾಲು ಅಲ್ಲೇ ಬಂದುಬಿಡುತ್ತದೆ.

ನೀವು ಕಳಿಸಿದ ಮೂರು ಲಿಂಕ್‌ಗಳಲ್ಲಿ ಏನು ಹಿಡಿಸಿತು ಎಂದು ಹೇಳಿರಲಿಲ್ಲ. ಒಂದರಲ್ಲಿ ನಿಮಗೆ ಬೆಳಕು ಇಷ್ಟವಾಗಿರಬಹುದು, ಎಡಿಟರ್ ಅದರ ಹಾಡನ್ನು ಎತ್ತಿಕೊಂಡಿರಬಹುದು. ಲಿಂಕ್ ಜೊತೆ ಸೆಕೆಂಡ್ ಬರೆಯಿರಿ: ‘ಮೊದಲ ಲಿಂಕಿನಲ್ಲಿ 0:04ರಿಂದ 0:09, ಸೆರಗು ಬಿಚ್ಚಿಕೊಳ್ಳುವ ರೀತಿ ಬೇಕು. ಅದರ ಸಂಗೀತ ಬೇಡ. ಎರಡನೆಯದರಲ್ಲಿ ಕೊನೆಗೆ ವಿಳಾಸ ತೋರಿಸಿದ ರೀತಿ ಬೇಕು.’ ಎರಡು ಸಾಕು. ಮೂರನೆಯದಾಗಿ, ಹೀಗೆ ಆಗಬಾರದು ಎನ್ನುವ ಒಂದನ್ನು ಕಳಿಸಿ. ಎಡಿಟರ್‌ಗಳು ಅದರಿಂದ ಬೇಗ ಅರ್ಥ ಮಾಡಿಕೊಳ್ಳುತ್ತಾರೆ.

ಹೀಗೆ ಲಿಂಕ್ ಕೊಟ್ಟ ರೆಫರೆನ್ಸ್ ವಿಡಿಯೊದ ಸಿನಿಮಾ ಹಾಡು ನಿಮ್ಮದಲ್ಲ ಎಂಬುದನ್ನೂ ನೆನಪಿಡಿ. ಇನ್‌ಸ್ಟಾಗ್ರಾಂನಲ್ಲಿ ವ್ಯಾಪಾರಿ ಖಾತೆಗೆ ಸಿಗುವ ಸಂಗೀತ ಬೇರೆ, ಸಾಮಾನ್ಯ ಖಾತೆಯಲ್ಲಿ ಸಿಗುವ ಹಾಡುಗಳು ಎಷ್ಟೋ ಅಲ್ಲಿ ಇರುವುದಿಲ್ಲ. ಎಡಿಟರ್ ಹಾಡನ್ನು ವಿಡಿಯೊ ಒಳಗೇ ಸೇರಿಸಿ ಕೊಟ್ಟರೆ, ಹಬ್ಬದ ವಾರದಲ್ಲಿ ಸದ್ದು ಬಂದ್ ಆಗಬಹುದು, ದುಡ್ಡು ಕೊಟ್ಟು ಬೂಸ್ಟ್ ಮಾಡಲೂ ಆಗದಿರಬಹುದು. ನಿಮಗೆ ಇದಕ್ಕಿಂತ ಒಳ್ಳೆಯದು ಕೈಯಳತೆಯಲ್ಲೇ ಇದೆ. ನೇಕಾರರ ಮನೆಗೆ ಹೋದಾಗ ಯಾರೂ ಮಾತಾಡದೆ ಒಂದೆರಡು ನಿಮಿಷ ಮಗ್ಗದ ಸದ್ದನ್ನಷ್ಟೇ ರೆಕಾರ್ಡ್ ಮಾಡಿಕೊಳ್ಳಿ. ಲಾಳಿ ಹೋಗಿ ಬರುವ, ಹಲಗೆ ಬಡಿಯುವ ಆ ಲಯದ ಮೇಲೆ ಎಡಿಟರ್ ದೃಶ್ಯಗಳನ್ನು ಕತ್ತರಿಸಿ ಕೂರಿಸಬಹುದು. ಜೊತೆಗೆ ಹಕ್ಕಿನ ತಕರಾರಿಲ್ಲದ ತೆಳುವಾದ ಸಂಗೀತ ಸೇರಿಸಿದರೆ ಸಾಕು. ನೇಕಾರರ ಮುಖ ತೋರಿಸುವುದಾದರೆ ಜಾಹೀರಾತಿಗೆಂದು ಹೇಳಿ ಒಪ್ಪಿಗೆ ಪಡೆಯಿರಿ, ಅವರ ಒಂದು ಹೊತ್ತಿನ ಕೆಲಸ ನಿಂತರೆ ಅದಕ್ಕೆ ಕೂಲಿ ಕೊಡಿ.

ಡ್ರೋನ್ ಶಾಟ್ ಬಗ್ಗೆಯೂ ಎಚ್ಚರ ಹೇಳಬೇಕು, ಈಗಿನ ರೆಫರೆನ್ಸ್ ವಿಡಿಯೊಗಳಲ್ಲಿ ಅದು ಇದ್ದೇ ಇರುತ್ತದೆ. ಬಯಲು, ಕಾವಲು, ನಡುವೆ ರಸ್ತೆ, ಮೇಲಿನಿಂದ ಚೆನ್ನಾಗಿ ಕಾಣುತ್ತದೆ ನಿಜ. ಆದರೆ ಚಳ್ಳಕೆರೆ ತಾಲ್ಲೂಕಿನಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯವಿದೆ, ಪರಮಾಣು ಮತ್ತು ಬಾಹ್ಯಾಕಾಶ ಇಲಾಖೆಗಳಿಗೆ ಕೊಟ್ಟ ಜಮೀನೂ ಅಲ್ಲೇ ಇದೆ. 2021ರ ಡ್ರೋನ್ ನಿಯಮಗಳಲ್ಲಿ ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ಗುರುತಿಸಿದ್ದಾರೆ. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಚಿಕ್ಕ ಡ್ರೋನನ್ನೂ ಹಾರಿಸುವಂತಿಲ್ಲ. ಸರ್ಕಾರದ ನಕ್ಷೆ ನೋಡದೆ ಯಾರನ್ನೂ ಕರೆಸಬೇಡಿ. 30 ಸೆಕೆಂಡಿನ ಸೀರೆ ವಿಡಿಯೊಗೆ ಅದರ ಅಗತ್ಯವೂ ಇಲ್ಲ.

ಒಡೆದ ಒತ್ತಕ್ಷರಕ್ಕೆ ಎರಡು ಕಾರಣ ಇರಬಹುದು. ಹೆಸರನ್ನು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಇನ್ನೊಂದು ಕಂಪ್ಯೂಟರಿನಲ್ಲಿ ಅದು ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ. ಯೂನಿಕೋಡಿನಲ್ಲೇ ಕಳಿಸಿದ್ದರೆ ದೋಷ ಎಡಿಟಿಂಗ್ ತಂತ್ರಾಂಶದ ಸೆಟ್ಟಿಂಗಿನದು. Premiere Pro ಬಳಸುವವರು ಗ್ರಾಫಿಕ್ಸ್ ಆದ್ಯತೆಗಳಲ್ಲಿ South Asian and Middle Eastern ಎಂಬುದನ್ನು ಆರಿಸದಿದ್ದರೆ ‘ಕ್ಷ್ಮಿ’ಯಂಥ ಅಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ನೀವು ಮಾಡಬೇಕಾದದ್ದು ಸುಲಭ: ಪರದೆಯ ಮೇಲೆ ಬರುವ ಪ್ರತಿ ಪದವನ್ನೂ ವಾಟ್ಸಾಪ್‌ನಲ್ಲಿ ಟೈಪ್ ಮಾಡಿ ಕಳಿಸಿ, ಅದರದೇ ಸ್ಕ್ರೀನ್‌ಶಾಟನ್ನೂ ಕಳಿಸಿ. ಕನ್ನಡ ಓದಲು ಬಾರದ ಎಡಿಟರ್ ಆದರೂ ಚಿತ್ರದ ಜೊತೆ ಹೋಲಿಸಿ ನೋಡುತ್ತಾರೆ. ಅಕ್ಷರಗಳು ಚೌಕಟ್ಟಿನ ತೀರಾ ಕೆಳಗೆ ಬೇಡ, ಅಲ್ಲಿ ರೀಲಿನ ಬಟನ್‌ಗಳೂ ಖಾತೆಯ ಹೆಸರೂ ಕುಳಿತು ಫೋನ್ ನಂಬರನ್ನು ಮುಚ್ಚುತ್ತವೆ. ಅಳತೆಯನ್ನೂ ಬರೆಯಿರಿ: ನಿಂತ ಚೌಕಟ್ಟು, 1080 × 1920.

ವಾಟ್ಸಾಪ್‌ನಲ್ಲಿ ವಿಡಿಯೊ ಆಗಿ ಕಳಿಸಿದರೆ ಅದು ಗಾತ್ರ ಕುಗ್ಗಿಸುತ್ತದೆ, ಜರಿಯ ಸಣ್ಣ ಎಳೆಗಳೇ ಮೊದಲು ಹೋಗುವುದು. ‘ಡಾಕ್ಯುಮೆಂಟ್’ ಆಗಿ ಕಳಿಸಿ, ಇಲ್ಲವೇ ಗೂಗಲ್ ಡ್ರೈವ್‌ಗೆ ಹಾಕಿ ಲಿಂಕ್ ಕೊಡಿ. ಕ್ಲಿಪ್‌ಗಳಿಗೆ 1, 2, 3 ಎಂದು ಹೆಸರಿಟ್ಟರೆ ಸ್ಕ್ರಿಪ್ಟಿನ ಎಡಗಡೆ ಬರೀ ನಂಬರ್ ಬರೆದರಾಯಿತು.

ಈಗ ಗಡುವು. ‘ಆದಷ್ಟು ಬೇಗ’ ಎಂದರೆ ಎಡಿಟರ್‌ನ ಸಾಲಿನಲ್ಲಿ ನಿಮ್ಮ ಕೆಲಸ ಕೊನೆಯದು. ದಿನವನ್ನು ಹಬ್ಬದಿಂದ ಹಿಂದಕ್ಕೆ ಎಣಿಸಬೇಕು. ಹಬ್ಬ ಶುಕ್ರವಾರ. ಆದರೆ ಸೀರೆಗೆ ಫಾಲ್ಸ್, ಕುಚ್ಚು, ಬ್ಲೌಸ್ ಆಗಬೇಕು, ಶ್ರಾವಣದಲ್ಲಿ ಟೈಲರ್ ಹತ್ತು ಹದಿನೈದು ದಿನ ತೆಗೆದುಕೊಳ್ಳುತ್ತಾರೆ. ಅಂದರೆ ಗಿರಾಕಿ ಮೂರು ವಾರ ಮೊದಲೇ ಕೊಳ್ಳಬೇಕು, ವಿಡಿಯೊ ಅದಕ್ಕೂ ಮೊದಲು ಹೊರಬರಬೇಕು. ಹಬ್ಬಕ್ಕೆ 25 ದಿನ ಇರುವಾಗ ಬಿಡುಗಡೆ ಎಂದಿಟ್ಟುಕೊಳ್ಳಿ. 28 ದಿನ ಇರುವಾಗ ಅಂತಿಮ ಫೈಲ್ ಕೈಗೆ ಬರಬೇಕು. 35 ದಿನ ಇರುವಾಗ ಮೊದಲ ಕಟ್. 40 ದಿನ ಇರುವಾಗ ನೀವು ಕ್ಲಿಪ್, ದನಿ, ಸ್ಕ್ರಿಪ್ಟ್ ಎಲ್ಲ ಕಳಿಸಿರಬೇಕು. ಬ್ರೀಫಿನಲ್ಲಿ ಈ ನಾಲ್ಕನ್ನೂ ಕ್ಯಾಲೆಂಡರಿನ ತಾರೀಖಿನಲ್ಲೇ ಬರೆಯಿರಿ. ಕೆಳಗೆ ಇದನ್ನೂ ಸೇರಿಸಿ: ‘ಕಟ್ ಬಂದ ಒಂದು ದಿನದೊಳಗೆ ನಾನು ಉತ್ತರ ಕೊಡುತ್ತೇನೆ. ನಾನು ತಡ ಮಾಡಿದಷ್ಟು ದಿನ ನಿಮ್ಮ ತಾರೀಖು ಮುಂದೆ ಹೋಗಲಿ.’ ಗಡುವು ಇಬ್ಬರಿಗೂ ಇದ್ದರೆ ಮಾತ್ರ ಅದು ನಿಲ್ಲುತ್ತದೆ.

ಮೊದಲ ಕಟ್ ಬಂದಾಗ ಬಣ್ಣ, ಸಂಗೀತ ನೋಡಬೇಡಿ, ಅವು ಇನ್ನೂ ಆಗಿರುವುದಿಲ್ಲ. ದೃಶ್ಯಗಳ ಸಾಲು ಸರಿಯೇ, ಮಾತು ಕೂತಿದೆಯೇ, ಬೇರೆಯವರ ಮಗ್ಗ ನುಗ್ಗಿಲ್ಲವೇ, ಅಷ್ಟು ನೋಡಿ. ಮನೆಯವರೆಲ್ಲ ನೋಡಲಿ, ಆದರೆ ಉತ್ತರ ಒಬ್ಬರಿಂದ, ಒಂದೇ ಮೆಸೇಜಿನಲ್ಲಿ, ಸೆಕೆಂಡ್ ಸಮೇತ ಹೋಗಲಿ: ‘0:07, ಅಂಚು ಇನ್ನೊಂದು ಸೆಕೆಂಡ್ ನಿಲ್ಲಲಿ. 0:16, ಕೆಂಪು ಸೀರೆ ತೆಗೆದು 5ನೇ ಕ್ಲಿಪ್ ಹಾಕಿ.’ ಅಣ್ಣ ಒಂದು ಹೇಳಿ, ಮಗ ಇನ್ನೊಂದು ಹೇಳಿ, ಮರುದಿನ ನೀವು ಮತ್ತೊಂದು ಹೇಳಿದರೆ ಎಷ್ಟು ಕರೆಕ್ಷನ್ ಆದರೂ ಮುಗಿಯುವುದಿಲ್ಲ. ಎರಡು ಸುತ್ತಿನ ಕರೆಕ್ಷನ್ ಒಪ್ಪಿದ ದುಡ್ಡಿನೊಳಗೆ, ಮೂರನೆಯದಕ್ಕೆ ಇಷ್ಟು ದುಡ್ಡು ಎಂದು ಮೊದಲೇ ಮಾತಾಡಿ ಬರೆದುಕೊಳ್ಳಿ. ಸ್ಕ್ರಿಪ್ಟನ್ನೇ ಬದಲಿಸಿದರೆ ಅದು ಕರೆಕ್ಷನ್ ಅಲ್ಲ, ಹೊಸ ಕೆಲಸ. ಅಡ್ವಾನ್ಸ್ ಎಷ್ಟು, ಉಳಿದದ್ದು ಯಾವಾಗ ಎಂಬುದೂ ಅಲ್ಲೇ ಇರಲಿ.

ಎರಡನೆಯ ಕಟ್ಟಿನಲ್ಲಿ ಬಣ್ಣ ನೋಡುವಾಗ ಆ ಸೀರೆಯನ್ನೇ ಕೈಯಲ್ಲಿ ಹಿಡಿದು ಬಾಗಿಲ ಬೆಳಕಿಗೆ ಬನ್ನಿ, ಎರಡು ಬೇರೆ ಬೇರೆ ಕಂಪನಿಯ ಫೋನಿನಲ್ಲಿ ವಿಡಿಯೊ ಹಾಕಿ ಪಕ್ಕದಲ್ಲಿಟ್ಟು ನೋಡಿ. ಫೋನಿನಲ್ಲಿ ಕಣ್ಣಿನ ರಕ್ಷಣೆಯ ಹಳದಿ ಮೋಡ್ ಇದ್ದರೆ ಮೊದಲು ಆಫ್ ಮಾಡಿ. ಎರಡರಲ್ಲೂ ನೀಲಿಯಾಗಿ ಕಂಡರೆ ತಪ್ಪು ವಿಡಿಯೊದ್ದು. ಒಂದರಲ್ಲಿ ಮಾತ್ರ ಕಂಡರೆ ಅದು ಆ ಫೋನಿನ ಗುಣ, ಎಡಿಟರ್‌ನನ್ನು ಕಾಡಬೇಡಿ.

ಅಂತಿಮ ಫೈಲ್ ಜೊತೆಗೆ ಪರದೆಯ ಮೇಲೆ ಅಕ್ಷರಗಳಿಲ್ಲದ ಇನ್ನೊಂದು ಕಾಪಿ, ಮಾತು ಮತ್ತು ಸಂಗೀತದ ಬೇರೆ ಬೇರೆ ಫೈಲುಗಳನ್ನು ಕೇಳಿ ಪಡೆಯಿರಿ. ಇದನ್ನೂ ಬ್ರೀಫಿನಲ್ಲೇ ಬರೆದಿರಬೇಕು, ಏಕೆಂದರೆ ಕೆಲಸ ಮುಗಿದ ತಿಂಗಳ ಮೇಲೆ ಎಷ್ಟೋ ಎಡಿಟರ್‌ಗಳು ಹಾರ್ಡ್‌ಡಿಸ್ಕ್ ಖಾಲಿ ಮಾಡಿರುತ್ತಾರೆ. ಅವು ನಿಮ್ಮ ಹತ್ತಿರ ಇದ್ದರೆ ದೀಪಾವಳಿಗೆ ಹಬ್ಬದ ಹೆಸರಿನ ಒಂದು ಸಾಲು ಮಾತನ್ನು ಹೊಸದಾಗಿ ರೆಕಾರ್ಡ್ ಮಾಡಿ, ಅಕ್ಷರ ಬದಲಿಸಿ, ಅದೇ ವಿಡಿಯೊವನ್ನು ಬೇರೆ ಯಾರ ಕೈಲಾದರೂ ಒಂದು ದಿನದಲ್ಲಿ ಸಿದ್ಧ ಮಾಡಿಸಬಹುದು.